ಹೊಸ ಶುಲ್ಕದ ನೋಟಿಸ್: ಶಾಖೆಯ ಬೋರ್ಡಿಗೆ ಹೋಗುವ ಮುಂಚೆ ಒಮ್ಮೆ ಓದಿ ಹೇಳ್ತೀರಾ?

ಕೌಂಟರ್‌ನಂ3 · ಏಪ್ರಿಲ್ 16, ರಾತ್ರಿ 9:10

ನಾನು ಒಂದು ಬ್ಯಾಂಕಿನ ಪ್ರಾದೇಶಿಕ ಕಚೇರಿಯಲ್ಲಿದ್ದೇನೆ. ಹೆಸರು ಬೇಡ. ಹೆಡ್ ಆಫೀಸಿನಿಂದ ಹೊಸ ಶುಲ್ಕಗಳ ಬಗ್ಗೆ ಇಂಗ್ಲಿಷಿನಲ್ಲಿ ಪತ್ರ ಬಂದಿದೆ. ಕನ್ನಡಕ್ಕೆ ಯಾರೋ ಹೊರಗಿನವರು ಮಾಡಿಕೊಟ್ಟಿದ್ದಾರೆ. "ನಿನ್ನ ಕನ್ನಡ ಚೆನ್ನಾಗಿದೆಯಲ್ಲ, ಒಮ್ಮೆ ಕಣ್ಣಾಡಿಸಿ ಸಹಿ ಹಾಕು" ಅಂತ ನಮ್ಮ ಸಾಹೇಬರು ಫೈಲ್ ನನ್ನ ಮೇಜಿಗೆ ತಳ್ಳಿದರು. ಸೋಮವಾರ, ಅಂದ್ರೆ 21ಕ್ಕೆ, ಎಲ್ಲ ಶಾಖೆಗಳ ಬೋರ್ಡಿಗೆ ಹೋಗಬೇಕು. ಎರಡು ಸಲ ಓದಿದೆ. ಕಾಗುಣಿತ ಸರಿ ಇದೆ. ಆದರೂ ಏನೋ ಕಿರಿಕಿರಿ. ಹೀಗಿದೆ:

> ಮಾನ್ಯ ಗ್ರಾಹಕರ ಗಮನಕ್ಕೆ. ದಿನಾಂಕ 01.05.2025ರ ನಂತರ, ಮಾಸಿಕ ಉಚಿತ ಮಿತಿ ಮೀರಿದ ಎಟಿಎಂ ನಗದು ಹಿಂಪಡೆಯುವಿಕೆಯ ಶುಲ್ಕವನ್ನು ರೂ. 23 ಹೆಚ್ಚಿಸಲಾಗಿದೆ. ಉಚಿತ ಮಿತಿ: ನಮ್ಮ ಎಟಿಎಂಗಳಲ್ಲಿ 5, ಇತರೆ ಬ್ಯಾಂಕುಗಳ ಎಟಿಎಂಗಳಲ್ಲಿ ಮೆಟ್ರೋ 3, ಮೆಟ್ರೋಯೇತರ 5.
>
> ಉಳಿತಾಯ ಖಾತೆಯಲ್ಲಿ ಕನಿಷ್ಠ ಬಾಕಿ ರೂ. 2000 ನಿರ್ವಹಿಸತಕ್ಕದ್ದು. ತಪ್ಪಿದಲ್ಲಿ, ಬಾಕಿಯು ಶೇ. 50ರವರೆಗೆ ಇದ್ದಲ್ಲಿ ರೂ. 50, ಶೇ. 50ಕ್ಕಿಂತ ಹೆಚ್ಚು ಇದ್ದಲ್ಲಿ ರೂ. 100 ದಂಡ ವಿಧಿಸಲಾಗುವುದು. ಸದರಿ ಬದಲಾವಣೆಯೂ ಮೇಲ್ಕಂಡ ದಿನಾಂಕದಿಂದ ಜಾರಿಗೆ ಬರುವುದು.

ಚಿಕ್ಕಪೇಟೆ_ರಾಮು · 9:24

ಎಟಿಎಂ ಶುಲ್ಕ ತಪ್ಪಿಸೋದು ಸುಲಭ ಗುರು. ತಿಂಗಳಿಗೆ ಒಂದೇ ಸಲ ದುಡ್ಡು ತೆಗಿ, ಉಳಿದಿದ್ದಕ್ಕೆಲ್ಲ ಯುಪಿಐ. ನಾನು ಆರು ತಿಂಗಳಿಂದ ಎಟಿಎಂ ಮುಖಾನೇ ನೋಡಿಲ್ಲ.

ಕೌಂಟರ್‌ನಂ3 · 9:31

ರಾಮು ಅಣ್ಣ, ನನಗೆ ಶುಲ್ಕ ಬಿದ್ದಿಲ್ಲ. ಶುಲ್ಕ ಹಾಕುವ ಕಡೆಯವನು ನಾನು. ನೋಟಿಸಿನ ಭಾಷೆ ಸರಿ ಇದೆಯಾ ಅಂತ ಕೇಳ್ತಿರೋದು.

ಪ್ರೆಸ್_ಮೇಡಂ · 9:50

ಇಪ್ಪತ್ತು ವರ್ಷ ಪ್ರೂಫ್ ನೋಡಿದ ಕಣ್ಣಿಗೆ ಮೊದಲ ವಾಕ್ಯದಲ್ಲೇ ಎರಡು ಸಿಕ್ಕವು.

"01.05.2025ರ ನಂತರ" ಅಂದರೆ ಮೇ 1 ಬಿಟ್ಟು. ಮೇ 2ರಿಂದ ಅಂತಲೇ ಓದಿಕೊಳ್ಳಬೇಕು. ನಿಮ್ಮ ಕಂಪ್ಯೂಟರ್ ಮೇ 1ಕ್ಕೇ ಹೊಸ ದರ ಹಿಡಿಯುತ್ತೆ ಅಲ್ವಾ? ಸಂಬಳ ಬಂದ ಮೊದಲ ದಿನ ದುಡ್ಡು ತೆಗೆಯೋರೇ ಜಾಸ್ತಿ. ಅವರಲ್ಲಿ ಒಬ್ಬರು ಈ ಬೋರ್ಡಿನ ಫೋಟೋ ಹಿಡಿದುಕೊಂಡು ಬಂದರೆ ನೀವು ಏನು ಹೇಳ್ತೀರಿ? "ಮೇ 1ರಿಂದ" ಅಂತ ಬರೆದರೆ ಮುಗೀತು. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. 01.05 ಅಂತ ಬರೆದರೆ ಮೇ 1 ಅಂತ ಓದೋರೂ ಇದ್ದಾರೆ, ಜನವರಿ 5 ಅಂತ ಓದೋರೂ ಇದ್ದಾರೆ.

ಎರಡನೇದು "ರೂ. 23 ಹೆಚ್ಚಿಸಲಾಗಿದೆ". ಹಳೇ ಶುಲ್ಕ 21 ಇತ್ತು ಅಲ್ವಾ? ಈ ವಾಕ್ಯ ಹೇಳೋದು 21ರ ಮೇಲೆ ಇನ್ನೂ 23, ಒಟ್ಟು 44 ಅಂತ. ನಿಮಗೆ ಬೇಕಾಗಿದ್ದು "23ಕ್ಕೆ ಹೆಚ್ಚಿಸಲಾಗಿದೆ". ಒಂದು "ಕ್ಕೆ" ಬಿದ್ದುಹೋಗಿದೆ, ಅಷ್ಟೇ. ಆದರೆ ಓದಿದವರ ಎದೆ ಧಸಕ್ಕೆನ್ನುತ್ತೆ.

ಅಂಕೆಸಂಖ್ಯೆ · 10:05

ನಾನು ಅಕೌಂಟೆಂಟ್. ಮೊತ್ತ ಸರಿ ಇದೆ. ರಿಸರ್ವ್ ಬ್ಯಾಂಕ್ ಮಾರ್ಚ್ 28ಕ್ಕೆ ಸುತ್ತೋಲೆ ಹೊರಡಿಸಿ 21 ಇದ್ದದ್ದನ್ನು 23 ಮಾಡಿದೆ, ಮೇ 1ರಿಂದ ಜಾರಿ. ಜಿಎಸ್‌ಟಿ ಎಲ್ಲ ಸೇರಿಯೇ 23. ಅದನ್ನು ಬೇರೆ ಹೇಳೋ ಅಗತ್ಯ ಇಲ್ಲ. ಇನ್ನೊಂದು ಮಾತು, ಬೆಂಗಳೂರಿನ ಶಾಖೆಯಲ್ಲಿ ಖಾತೆ ಇರೋರಿಗೆ 3, ಬೇರೆ ಊರಿನ ಖಾತೆಗೆ 5 ಅಂತ ಬಿಡಿಸಿ ಬರೆದರೆ ಚೆನ್ನ.

ಲೆಡ್ಜರ್_ತಾತ · 10:40

ಅಂಕೆಸಂಖ್ಯೆ ಅವರೇ, ದಿನಾಂಕ ಸರಿ, 23 ಸರಿ. ಉಳಿದ ಎರಡೂ ತಪ್ಪಿವೆ. ಬೇಜಾರು ಮಾಡ್ಕೋಬೇಡಿ, ನನ್ನ ಕಾಲದ ಮ್ಯಾನೇಜರುಗಳೂ ಇದೇ ತಪ್ಪು ಮಾಡ್ತಿದ್ದರು.

23 ಅನ್ನೋದು ರಿಸರ್ವ್ ಬ್ಯಾಂಕ್ ಹಾಕಿದ ಗರಿಷ್ಠ ಮಿತಿ. ಅದಕ್ಕಿಂತ ಕಡಿಮೆ ತೆಗೆದುಕೊಳ್ಳೋದು ಆಯಾ ಬ್ಯಾಂಕಿನ ಇಷ್ಟ. ತೆರಿಗೆ ಅದರ ಮೇಲೆ ಬೇರೆ. ಬ್ಯಾಂಕ್ ಸೇವೆಗೆ ಜಿಎಸ್‌ಟಿ ಶೇ. 18. 23ಕ್ಕೆ 4 ರೂಪಾಯಿ 14 ಪೈಸೆ ಬೀಳುತ್ತೆ. ಪಾಸ್‌ಬುಕ್ಕಿನಲ್ಲಿ ಕಳೆಯೋದು 27.14. ಗ್ರಾಹಕ ನೋಡೋದು ಪಾಸ್‌ಬುಕ್ಕನ್ನೇ. ಬೋರ್ಡಿನಲ್ಲಿ 23 ಅಂತ ಹಾಕಿ ಖಾತೆಯಿಂದ 27 ಚಿಲ್ಲರೆ ಕಿತ್ತರೆ "ನಾಲ್ಕು ರೂಪಾಯಿ ಯಾರು ತಿಂದರು" ಅಂತ ಕೇಳೇ ಕೇಳ್ತಾನೆ. ಕೇಳೋದು ತಪ್ಪೂ ಅಲ್ಲ. ಎರಡೂ ಅಂಕಿ ಬರೆಯಿರಿ.

ಮೆಟ್ರೋ ವಿಚಾರದಲ್ಲಿ ಲೆಕ್ಕಕ್ಕೆ ಬರೋದು ಎಟಿಎಂ ಎಲ್ಲಿದೆ ಅನ್ನೋದು. ಖಾತೆ ಎಲ್ಲಿದೆ ಅನ್ನೋದಲ್ಲ. ಹಾಸನದ ಖಾತೆಯವನು ಮೆಜೆಸ್ಟಿಕ್‌ನಲ್ಲಿ ಬೇರೆ ಬ್ಯಾಂಕಿನ ಎಟಿಎಂಗೆ ಕಾರ್ಡ್ ಹಾಕಿದರೆ ಅದು ಮೆಟ್ರೋ. ಈ ನಿಯಮಕ್ಕೆ ಮೆಟ್ರೋ ಅಂದರೆ ಆರೇ ಊರು: ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್. ನಮ್ಮ ರಾಜ್ಯದಲ್ಲಿ ಬೆಂಗಳೂರು ಒಂದೇ. ಮೈಸೂರು, ಮಂಗಳೂರು, ಹುಬ್ಬಳ್ಳಿ ಎಷ್ಟೇ ದೊಡ್ಡದಾದರೂ ಅಲ್ಲಿ 5. ಬೋರ್ಡಿನಲ್ಲಿ "ಮೆಟ್ರೋ" ಅಂತ ಮಾತ್ರ ಬರೆದರೆ ಜನ ನಮ್ಮ ಮೆಟ್ರೋ ಸ್ಟೇಷನ್ನಿನ ಎಟಿಎಂ ಅಂದುಕೊಳ್ತಾರೆ. ತಮಾಷೆ ಅಲ್ಲ, ಒಬ್ಬರು ನನ್ನನ್ನೇ ಕೇಳಿದ್ದರು. "ಬೆಂಗಳೂರಿನಲ್ಲಿ 3, ಕರ್ನಾಟಕದ ಬೇರೆ ಊರುಗಳಲ್ಲಿ 5" ಅಂತ ಬರೆದರೆ ನಿಮ್ಮ ಶಾಖೆಗಳಿಗೆ ಸಾಕು.

ಇನ್ನೊಂದು: "ನಗದು ಹಿಂಪಡೆಯುವಿಕೆ" ಅಂತ ಇದೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಸುಮ್ನೆ ಬ್ಯಾಲೆನ್ಸ್ ನೋಡಿದರೂ ಉಚಿತ ಲೆಕ್ಕದಲ್ಲಿ ಒಂದು ಕಳೆಯುತ್ತೆ. ನೋಟಿಸ್ ಓದಿದವನು ದುಡ್ಡು ತೆಗೆದಿದ್ದು ಮಾತ್ರ ಎಣಿಸ್ತಾನೆ, ಬ್ಯಾಂಕು ಎಲ್ಲವನ್ನೂ ಎಣಿಸುತ್ತೆ.

ತುಂಗಾತೀರ · 11:15

ಕನಿಷ್ಠ ಬ್ಯಾಲೆನ್ಸ್ ಅಂದ ಕೂಡಲೇ ನನ್ನ ಅಮ್ಮನ ಕತೆ ನೆನಪಾಯಿತು. ಖಾತೆಯಲ್ಲಿ 40 ರೂಪಾಯಿ ಇತ್ತು. ಬ್ಯಾಂಕ್ ಯಾವುದು ಅಂತ ಬರೆಯಲ್ಲ. ಒಂದು ದಿನ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಮೈನಸ್ 78! ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. "ನಾನು ಬ್ಯಾಂಕಿಗೆ ಸಾಲಗಾರಳಾದೆ" ಅಂತ. ಗೋಡೆಯ ಮೇಲೆ "ಕನಿಷ್ಠ ಬಾಕಿ" ಅಂತ ಅಂಟಿಸಿದ್ದನ್ನು ನೋಡಿದ್ದರಂತೆ. ಬಾಕಿ ಅಂದರೆ ಕೊಡಬೇಕಾದ ದುಡ್ಡು ಅಂತ ತಿಳಿದು, ನನಗೆ ಸಾಲ ಇಲ್ಲವಲ್ಲ ಅಂತ ಸುಮ್ಮನಿದ್ದರಂತೆ.

ಪೇಢೆ_ಪ್ರಿಯ · 11:32

ಅಕ್ಕಾರ, ನಿಮ್ಮ ಅವ್ವ ಹೇಳಿದ್ದು ಖರೆ ಅದ. ನಮ್ಮ ಧಾರವಾಡ ಕಡೆ ಬಾಕಿ ಅಂದ್ರ ಕಿರಾಣಿ ಅಂಗಡಿ ಉದ್ರಿ. "ನಿಂದು ಎಷ್ಟು ಬಾಕಿ ಅದ?" ಅಂದ್ರ ಕೊಡೂದು ಎಷ್ಟು ಅಂತ ಅರ್ಥ. ಖಾತೇದಾಗ ಉಳಿದ ರೊಕ್ಕಕ್ಕ ನಮ್ಮ ಹಿರಿಯರು ಶಿಲ್ಕು ಅಂತಾರ. ಚಂದ ಶಬ್ದ. ಅದನ್ನ ಹಾಕ್ರಿ.

ಪ್ರೆಸ್_ಮೇಡಂ · 11:40

ಶಿಲ್ಕು ಒಳ್ಳೆಯ ಪದ, ನನಗೂ ಇಷ್ಟ. ಆದರೆ ಕೋಲಾರದಲ್ಲಿ ಇಪ್ಪತ್ತೈದು ವರ್ಷದ ಹುಡುಗನಿಗೆ ಶಿಲ್ಕು ಅಂದರೆ ಸಿಲ್ಕ್ ಸೀರೆ ನೆನಪಾಗುತ್ತೆ. "ಬ್ಯಾಲೆನ್ಸ್" ಅಂತಲೇ ಹಾಕಿ. ಬೀದರಿನಿಂದ ಚಾಮರಾಜನಗರದವರೆಗೂ ಕೌಂಟರಿನಲ್ಲಿ ಎಲ್ಲರೂ ಅದನ್ನೇ ಅನ್ನೋದು. "ದಂಡ" ಕೂಡ ತೆಗೆಯಿರಿ, ಪೊಲೀಸರು ಹಾಕಿದ ಹಾಗಿದೆ. "ಶುಲ್ಕ" ಸಾಕು.

ಪೇಢೆ_ಪ್ರಿಯ · 11:44

ಬ್ಯಾಲೆನ್ಸ್ ಅನ್ನೂದೇ ಆದ್ರ ಕನ್ನಡ ನೋಟಿಸ್ ಯಾಕ ಬೇಕ್ರಿ ಮತ್ತ? ನಾ ಒಪ್ಪಂಗಿಲ್ಲ.

ಲೆಡ್ಜರ್_ತಾತ · ಏಪ್ರಿಲ್ 17, ಬೆಳಿಗ್ಗೆ 6:20

ತುಂಗಾತೀರ ಅವರೇ, ಅಮ್ಮನಿಗೆ ಆದದ್ದು ಆಗಬಾರದಿತ್ತು. ಈ ಒಂದೇ ಶುಲ್ಕದಿಂದ ಉಳಿತಾಯ ಖಾತೆ ಮೈನಸ್ಸಿಗೆ ಇಳಿಯಬಾರದು ಅಂತ ರಿಸರ್ವ್ ಬ್ಯಾಂಕ್ 2014ರ ನವೆಂಬರಿನಲ್ಲೇ ಹೇಳಿದೆ. 2015ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅಷ್ಟೇ ಅಲ್ಲ, ಬ್ಯಾಲೆನ್ಸ್ ಕಡಿಮೆಯಾಗಿದೆ ಅಂತ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಬೇಕು. ತುಂಬಲು ಒಂದು ತಿಂಗಳು ಕೊಡಬೇಕು. ಆಮೇಲೆ ಶುಲ್ಕ. ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ಹಾಕಬಹುದು. ಜೊತೆಗೆ ಆ ಖಾತೆಯನ್ನು ಬೇಸಿಕ್ ಉಳಿತಾಯ ಖಾತೆ ಮಾಡಿಕೊಡಿ ಅಂತ ಕೇಳಿ, ಅದಕ್ಕೆ ಕನಿಷ್ಠ ಬ್ಯಾಲೆನ್ಸಿನ ಕಾಟವೇ ಇಲ್ಲ.

ಕೌಂಟರ್ ತಮ್ಮಾ, ಈಗ ನಿನ್ನ ಎರಡನೇ ಪ್ಯಾರಾ. ನಿದ್ದೆ ಬರಲಿಲ್ಲ, ಅದನ್ನೇ ಯೋಚಿಸ್ತಾ ಇದ್ದೆ. ಇಂಗ್ಲಿಷಿನಲ್ಲಿ ಸ್ಲ್ಯಾಬ್ ಹೇಗಿದೆ? ಶೇ. 50 ಅನ್ನೋದು ಇರೋ ದುಡ್ಡಿನದ್ದೋ, ಕಡಿಮೆ ಬಿದ್ದ ದುಡ್ಡಿನದ್ದೋ?

ಕೌಂಟರ್‌ನಂ3 · 8:45

ಈಗ ಬಸ್ಸಿನಲ್ಲಿ ಫೋಟೋ ತೆಗೆದು ನೋಡಿದೆ ಸರ್. ಕಡಿಮೆ ಬಿದ್ದದ್ದರ ಮೇಲೆ. ಕೊರತೆ ಶೇ. 50ರವರೆಗೆ ಇದ್ದರೆ 50 ರೂಪಾಯಿ, ಅದಕ್ಕಿಂತ ಜಾಸ್ತಿ ಕೊರತೆಗೆ 100. ಅಯ್ಯೋ. ಕನ್ನಡದಲ್ಲಿ ಉಲ್ಟಾ ಆಗಿದೆಯಲ್ಲ!

ಲೆಡ್ಜರ್_ತಾತ · 9:02

ಅದೇ. ಇಬ್ಬರು ಗ್ರಾಹಕರನ್ನು ಹಾಕಿ ನೋಡು, ಗೊತ್ತಾಗುತ್ತೆ. ಒಬ್ಬಳ ಖಾತೆಯಲ್ಲಿ ತಿಂಗಳ ಸರಾಸರಿ 1800 ಇದೆ. ಕೊರತೆ 200, ಅಂದರೆ ಶೇ. 10. ಇಂಗ್ಲಿಷಿನ ಪ್ರಕಾರ 50 ರೂಪಾಯಿ, ಜಿಎಸ್‌ಟಿ ಸೇರಿ 59. ನಿನ್ನ ಕನ್ನಡದ ಪ್ರಕಾರ ಅವಳ ಬ್ಯಾಲೆನ್ಸ್ ಶೇ. 90, ಆದ್ದರಿಂದ 100. ಇನ್ನೊಬ್ಬನ ಸರಾಸರಿ 400. ಕೊರತೆ ಶೇ. 80. ಇಂಗ್ಲಿಷಿನಲ್ಲಿ 100, ಜಿಎಸ್‌ಟಿ ಸೇರಿ 118. ಕನ್ನಡದಲ್ಲಿ 50. ಅಂದರೆ ಕನ್ನಡ ಓದಿದವರ ಪ್ರಕಾರ ದುಡ್ಡು ಕಡಿಮೆ ಇಟ್ಟಷ್ಟೂ ಲಾಭ! ವಾಕ್ಯ ಓದಿದರೆ ಏನೂ ಅನಿಸಲ್ಲ. ಅಂಕಿ ಹಾಕಿದರೆ ಮಾತ್ರ ಸಿಕ್ಕಿಬೀಳುತ್ತೆ.

ಶೇಕಡವನ್ನೇ ಕೈಬಿಡು. 2000ದ ಅರ್ಧ 1000. "ಸರಾಸರಿ 1000 ಅಥವಾ ಹೆಚ್ಚು, ಆದರೆ 2000ಕ್ಕಿಂತ ಕಡಿಮೆ ಇದ್ದರೆ 50. ಸರಾಸರಿ 1000ಕ್ಕಿಂತ ಕಡಿಮೆ ಇದ್ದರೆ 100." ಸರಿಯಾಗಿ 1000 ಇದ್ದವನ ಕೊರತೆ ಸರಿಯಾಗಿ ಶೇ. 50, ಅವನು 50ರ ಗುಂಪಿಗೇ ಬರಬೇಕು. ಈ ಅಂಚಿನ ಮನುಷ್ಯ ಯಾವ ಗುಂಪಿಗೂ ಸೇರದೆ ಉಳಿಯೋದು, ಇಲ್ಲಾ ಎರಡರಲ್ಲೂ ಇರೋದು, ಪ್ರತೀ ಸಲ ಆಗುತ್ತೆ.

"ಸರಾಸರಿ" ಅನ್ನೋ ಪದ ಇಡೀ ನೋಟಿಸಿನಲ್ಲಿ ಎಲ್ಲೂ ಇಲ್ಲ ಅನ್ನೋದನ್ನೂ ಗಮನಿಸು.

ಅಂಕೆಸಂಖ್ಯೆ · 9:20

ಜಿಎಸ್‌ಟಿ ವಿಷಯದಲ್ಲಿ ತಪ್ಪಾಯಿತು, ಸುತ್ತೋಲೆ ತೆಗೆದು ನೋಡಿದೆ, ತೆರಿಗೆ ಬೇರೆ ಅಂತಲೇ ಇದೆ. ಸರಾಸರಿ ಬಗ್ಗೆ ನನಗೂ ಹೇಳಲು ಇದೆ. ಪ್ರತಿ ದಿನ ರಾತ್ರಿ ಖಾತೆಯಲ್ಲಿ ಎಷ್ಟು ಉಳಿದಿದೆಯೋ ಅದನ್ನೆಲ್ಲ ಕೂಡಿ ತಿಂಗಳ ದಿನಗಳಿಂದ ಭಾಗಿಸೋದು. 30 ದಿನದ ತಿಂಗಳಲ್ಲಿ 27 ದಿನ ಬರೀ 300 ಇತ್ತು, 3 ದಿನ 20,000 ಇತ್ತು ಅಂತಿಟ್ಟುಕೊಳ್ಳಿ. 8,100 ಮತ್ತು 60,000 ಸೇರಿ 68,100. ಮೂವತ್ತರಿಂದ ಭಾಗಿಸಿದರೆ 2,270. ಶುಲ್ಕವೇ ಇಲ್ಲ. "ಕನಿಷ್ಠ 2000 ಇರಬೇಕು" ಅಂತ ಮಾತ್ರ ಬರೆದರೆ ಈ ಮನುಷ್ಯ 27 ದಿನ ಹೆದರಿಕೊಂಡೇ ಇರ್ತಾನೆ.

ತುಂಗಾತೀರ · 9:33

ಅಮ್ಮನಿಗೆ ಇದನ್ನು ಓದಿ ಹೇಳಿದೆ. "ಹಾಗಾದ್ರೆ ಮೂರು ದಿನಕ್ಕೆ ನಿನ್ನ ಸಂಬಳ ನನ್ನ ಖಾತೆಗೆ ಹಾಕು" ಅಂದರು.

ಪ್ರೆಸ್_ಮೇಡಂ · 10:10

ಒಂದು ಪ್ರಶ್ನೆ. ಬೋರ್ಡಿಗೆ ಹೋಗೋದು ಏಪ್ರಿಲ್ 21. ಜಾರಿ ಮೇ 1. ಹತ್ತು ದಿನ ಆಯಿತು. ಇಷ್ಟು ಕಡಿಮೆ ಸಮಯ ಕೊಡಬಹುದಾ?

ಲೆಡ್ಜರ್_ತಾತ · 10:35

ಮೇಡಂ ಸರಿಯಾದ ಜಾಗಕ್ಕೆ ಕೈ ಇಟ್ಟರು. ಕನಿಷ್ಠ ಬ್ಯಾಲೆನ್ಸ್ ಮತ್ತು ಅದರ ಶುಲ್ಕ ಬದಲಿಸುವುದಾದರೆ ಈಗಿರುವ ಖಾತೆದಾರರಿಗೆ ಒಂದು ತಿಂಗಳು ಮುಂಚೆ ತಿಳಿಸಬೇಕು. ಇದು ರಿಸರ್ವ್ ಬ್ಯಾಂಕಿನ ಗ್ರಾಹಕ ಸೇವೆಯ ಮಾಸ್ಟರ್ ಸುತ್ತೋಲೆಯಲ್ಲಿದೆ. 21ಕ್ಕೆ ಅಂಟಿಸಿದರೆ ಒಂದು ತಿಂಗಳು ತುಂಬೋದು ಮೇ 21ಕ್ಕೆ. ಇದು ತಿಂಗಳ ಸರಾಸರಿಯ ಲೆಕ್ಕ, ಹಾಗಾಗಿ ತಿಂಗಳ ನಡುವೆ ಶುರು ಮಾಡಕ್ಕೆ ಬರಲ್ಲ. ಅರ್ಧ ಮೇ ತಿಂಗಳು ಹಳೇ ನಿಯಮ, ಅರ್ಧ ಹೊಸದು ಅಂದರೆ ಯಾವ ಸರಾಸರಿ? ನೆಟ್ಟಗೆ ಜೂನ್ 1ರಿಂದ ಬರಬೇಕು. ಜೂನ್ ಸರಾಸರಿ ಗೊತ್ತಾಗೋದು ಜೂನ್ ಮುಗಿದ ಮೇಲೆ. ಆಮೇಲೆ ತಿಳಿಸಬೇಕು, ತಿಂಗಳು ಕಾಯಬೇಕು.

ಹೆಡ್ ಆಫೀಸು ಇದನ್ನು ಮರೆತಿರುತ್ತೆ ಅಂತ ನನಗೆ ನಂಬಿಕೆ ಇಲ್ಲ. ಪತ್ರದ ಜೊತೆ ಅನುಬಂಧ ಇದೆಯಾ ನೋಡು ತಮ್ಮಾ. ಮುಖಪತ್ರದಲ್ಲಿ ಒಂದು ದಿನಾಂಕ, ಅನುಬಂಧದ ಪಟ್ಟಿಯಲ್ಲಿ ಇನ್ನೊಂದು, ಇದು ನಾನು ಎಷ್ಟೋ ಸಲ ಕಂಡದ್ದು.

ಕೌಂಟರ್‌ನಂ3 · ಮಧ್ಯಾಹ್ನ 1:15

ಸರ್, ನಿಮ್ಮ ಕಾಲಿಗೆ ಬಿದ್ದೆ. ಅನುಬಂಧ ಇತ್ತು, ಎರಡನೇ ಹಾಳೆ. ಎಟಿಎಂ ಸಾಲಿನ ಎದುರು 01.05.2025, ಬ್ಯಾಲೆನ್ಸ್ ಸಾಲಿನ ಎದುರು 01.06.2025. ಅನುವಾದ ಮಾಡಿದವರಿಗೆ ಮುಖಪತ್ರ ಮಾತ್ರ ಹೋಗಿತ್ತಂತೆ. ಅದರಲ್ಲಿ ಒಂದೇ ದಿನಾಂಕ ಇದೆ. ಅವರದ್ದೂ ತಪ್ಪಲ್ಲ.

ಇನ್ನೊಂದು ವಿಷಯ. ನಮ್ಮ ಸ್ವಂತ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದರೂ ಐದರಲ್ಲಿ ಒಂದು ಕಳೆಯುತ್ತಾ? ಇಲ್ಲಿ ಇಬ್ಬರು ಎರಡು ಥರ ಹೇಳ್ತಿದ್ದಾರೆ.

ಲೆಡ್ಜರ್_ತಾತ · 1:50

ಇದಕ್ಕೆ ನಾನೂ ಕೈ ಎತ್ತುತ್ತೇನೆ. 2019ರ ಆಗಸ್ಟ್ ಸುತ್ತೋಲೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡೋದು, ಚೆಕ್‌ಬುಕ್ ಕೇಳೋದು ಎಲ್ಲ ಉಚಿತ ಲೆಕ್ಕಕ್ಕೆ ಸೇರಲ್ಲ ಅನ್ನುತ್ತೆ. ಎಟಿಎಂನಲ್ಲಿ ದುಡ್ಡಿಲ್ಲದೆ ಫೇಲ್ ಆದದ್ದು, ಪಿನ್ ತಪ್ಪಾದದ್ದು ಕೂಡ ಸೇರಲ್ಲ. ಈಗಿನ 2025ರದ್ದು ಸ್ವಂತ ಎಟಿಎಂನ ಐದರಲ್ಲಿ ಹಣದ ವಹಿವಾಟು, ಹಣವಲ್ಲದ್ದು ಎರಡೂ ಸೇರಿ ಅಂತ ಬರೆದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೂಡಲ್ಲ. ನಿಮ್ಮ ಬ್ಯಾಂಕಿನ ಸಿಸ್ಟಂ ಹೇಗೆ ಎಣಿಸುತ್ತೆ ಅಂತ ಹೆಡ್ ಆಫೀಸಿಗೆ ಮೇಲ್ ಮಾಡಿ ಬರವಣಿಗೆಯಲ್ಲಿ ತರಿಸಿಕೋ. ಅದು ಬರುವ ತನಕ ಬೋರ್ಡಿನಲ್ಲಿ ಊಹೆ ಬರೆಯಬೇಡ.

ಅಂಕೆಸಂಖ್ಯೆ · 2:05

ಹೊಸ ಸುತ್ತೋಲೆ ಬಂದ ಮೇಲೆ ಹಳೇದು ಲೆಕ್ಕಕ್ಕಿಲ್ಲ ಅಲ್ವಾ?

ಲೆಡ್ಜರ್_ತಾತ · 2:12

ಹೊಸದರಲ್ಲಿ ಹಳೇದನ್ನು ರದ್ದು ಮಾಡಿದ್ದೇವೆ ಅಂತ ಎಲ್ಲಿದೆ ತೋರಿಸಿ, ಒಪ್ಪಿಕೊಳ್ತೀನಿ.

ಕೌಂಟರ್‌ನಂ3 · ಏಪ್ರಿಲ್ 18, ರಾತ್ರಿ 8:00

ಹೆಡ್ ಆಫೀಸಿನಿಂದ ಸ್ವಂತ ಎಟಿಎಂ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಉಳಿದದ್ದನ್ನು ತಿದ್ದಿದೆ. ಪ್ರೆಸ್ಸಿಗೆ ಮೇಲ್ ಕೂಡ ಆಯಿತು. ಪೇಢೆ ಅಣ್ಣ ಕ್ಷಮಿಸಿ, ಬ್ಯಾಲೆನ್ಸ್ ಅಂತಲೇ ಹಾಕಿದೆ.

> ಎಟಿಎಂ ಶುಲ್ಕ: 2025ರ ಮೇ 1ರಿಂದ
> ಉಚಿತ ಮಿತಿ ಮುಗಿದ ಮೇಲೆ ಪ್ರತಿ ವಹಿವಾಟಿಗೆ ಶುಲ್ಕ 23 ರೂಪಾಯಿ. ಈವರೆಗೆ 21 ರೂಪಾಯಿ ಇತ್ತು. ಜಿಎಸ್‌ಟಿ ಸೇರಿ ನಿಮ್ಮ ಖಾತೆಯಿಂದ ಕಳೆಯುವುದು 27.41 ರೂಪಾಯಿ.
> ತಿಂಗಳಿಗೆ ಉಚಿತ: ನಮ್ಮ ಎಟಿಎಂಗಳಲ್ಲಿ 5. ಬೇರೆ ಬ್ಯಾಂಕುಗಳ ಎಟಿಎಂ ಬೆಂಗಳೂರಿನಲ್ಲಿದ್ದರೆ 3, ಕರ್ನಾಟಕದ ಬೇರೆ ಊರಿನಲ್ಲಿದ್ದರೆ 5. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದರೂ ಒಂದು ವಹಿವಾಟು ಎಂದು ಎಣಿಸಲಾಗುತ್ತದೆ.
>
> ಉಳಿತಾಯ ಖಾತೆಯ ಬ್ಯಾಲೆನ್ಸ್: 2025ರ ಜೂನ್ 1ರಿಂದ
> ಖಾತೆಯಲ್ಲಿ ತಿಂಗಳ ಸರಾಸರಿ 2000 ರೂಪಾಯಿ ಇರಬೇಕು. ಪ್ರತಿ ದಿನವೂ 2000 ಇರಬೇಕೆಂದಿಲ್ಲ.
> ಸರಾಸರಿ 1000 ಅಥವಾ ಹೆಚ್ಚು, ಆದರೆ 2000ಕ್ಕಿಂತ ಕಡಿಮೆ ಇದ್ದರೆ ಶುಲ್ಕ 50 ರೂಪಾಯಿ, ಜಿಎಸ್‌ಟಿ ಸೇರಿ 59.
> ಸರಾಸರಿ 1000ಕ್ಕಿಂತ ಕಡಿಮೆ ಇದ್ದರೆ ಶುಲ್ಕ 100 ರೂಪಾಯಿ, ಜಿಎಸ್‌ಟಿ ಸೇರಿ 118.
> ಸರಾಸರಿ ಕಡಿಮೆಯಾದರೆ ಮೊದಲು ನಿಮಗೆ ತಿಳಿಸುತ್ತೇವೆ. ತುಂಬಲು ಒಂದು ತಿಂಗಳ ಸಮಯವಿದೆ. ಈ ಶುಲ್ಕದಿಂದ ನಿಮ್ಮ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ.

ತುಂಗಾತೀರ · 8:14

ಕೊನೆಯ ಸಾಲು ಅಮ್ಮನ ಬ್ಯಾಂಕಿನವರೂ ಬರೆದಿದ್ದರೆ!

ಪ್ರೆಸ್_ಮೇಡಂ · 8:21

ತುಂಬಾ ಚೆನ್ನಾಗಿದೆ. ಮೊದಲ ಪ್ಯಾರಾದ ಕೊನೇ ಅಂಕಿ ಇನ್ನೊಮ್ಮೆ ನೋಡಿ. ತಾತ ಹೇಳಿದ್ದು 27.14. ನೀವು ಬರೆದಿದ್ದು 27.41.

ಕೌಂಟರ್‌ನಂ3 · 8:23

ಅಯ್ಯಯ್ಯೋ.

ಕೌಂಟರ್‌ನಂ3 · 8:40

ಪ್ರೆಸ್ಸಿನವರಿಗೆ ಫೋನ್ ಮಾಡಿದೆ. ಇನ್ನೂ ಪ್ಲೇಟ್ ಮಾಡಿರಲಿಲ್ಲ. ಬೆಳಿಗ್ಗೆ ನಾನೇ ಹೋಗಿ ಪ್ರೂಫ್ ಮೇಲೆ ಬೆರಳಿಟ್ಟು ಒಂದೊಂದು ಅಂಕಿ ಓದಿ ಬರ್ತೀನಿ.

ಚಿಕ್ಕಪೇಟೆ_ರಾಮು · 9:05

ಎಲ್ಲ ಓದಿದೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದರೂ ಎಣಿಸ್ತಾರಾ? ನಮ್ಮ ಅಪ್ಪ ದಿನಾ ವಾಕಿಂಗ್ ಹೋದಾಗ ಪಾರ್ಕ್ ಪಕ್ಕದ ಎಟಿಎಂಗೆ ನುಗ್ಗಿ ಬ್ಯಾಲೆನ್ಸ್ ನೋಡ್ಕೊಂಡು ಬರ್ತಾರೆ ಗುರು. ಅದು ನಮ್ಮ ಬ್ಯಾಂಕಿಂದಲ್ಲ.